ಕುಂಬಳದ ಬಳ್ಳಿ, ಹೊಕ್ಕುಳ ಬಳ್ಳಿ

(ನಮ್ಮೂರಿನ ಗ್ರಂಥಾಲಯದಲ್ಲಿ ತಾಯಂದಿರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು 26 ವರ್ಷ ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಮೂರು ನಾಲ್ಕು ವರ್ಷದ ಮಕ್ಕಳಿಗೆ ಕಥೆ ಹೇಳುವುದೇ ನನ್ನ ಕೆಲಸ. ಆದರೂ ನನ್ನ ಸ್ವಂತ ಮೊಮ್ಮಗನಿಗೆ ಅವನಮ್ಮ ಬಸುರಿ ಅಂತ ಹೇಳಲು ಹೋಗಿ ಮೊದಲನೇ ರಾತ್ರಿಯೇ ಎಡವಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮಗಳು ಗೌರಿ ಹಬ್ಬಕ್ಕೆ ಬಂದಿದ್ದಳು. ಐದನೇ ತಿಂಗಳು. ಪುಟ್ಟನಿಗೆ ಆಗ ಮೂರೂವರೆ ವರ್ಷ. ಅವನಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ. "ಅಮ್ಮಾ, ನೀನೇ ಹೇಳು, ನಿನಗೆ ಅಭ್ಯಾಸ ಇದೆ" ಅಂದಳು ಮಗಳು. ನಾನೂ ಜಂಬದಿಂದ ಒಪ್ಪಿಕೊಂಡೆ. ರಾತ್ರಿ ಮಲಗಿಸುವಾಗ ಒಂದೇ ಮಾತು ಹೇಳಿದೆ: "ಪುಟ್ಟಾ, ಅಮ್ಮನ ಹೊಟ್ಟೇಲಿ ಒಂದು ಪಾಪು ಇದೆ." ಅವನು ಸುಮ್ಮನೆ ಕೇಳಿಸಿಕೊಂಡು ಮಲಗಿದ. ಎಷ್ಟು ಸಲೀಸಾಯ್ತಲ್ಲ ಅಂದುಕೊಂಡೆ.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಮಗಳು ತುತ್ತು ಬಾಯಿಗಿಟ್ಟಿದ್ದೇ ತಡ, ಇವನು ಓಡಿ ಬಂದು ಅವಳ ಕೈ ಹಿಡಿದು ಎಳೆದ. "ಬೇಡಮ್ಮಾ, ಬೇಡ!" ಯಾಕೋ ಅಂದರೆ ಅಳು. ಆಮೇಲೆ ಹೊರಗೆ ಬಂತು: "ಅನ್ನ ಪಾಪು ತಲೆ ಮೇಲೆ ಬೀಳಲ್ವಾ? ಸಾರು ಬಿಸಿ ಇದೆ."

ನೋಡಿ, ತಪ್ಪು ಅವನದಲ್ಲ. ಹೊಟ್ಟೆ ಅಂದರೆ ಅನ್ನ ಹೋಗುವ ಜಾಗ ಅಂತ ನಾವೇ ಅವನಿಗೆ ದಿನಕ್ಕೆ ಹತ್ತು ಸಲ ಹೇಳಿದ್ದೇವೆ. ಹೊಟ್ಟೆ ತುಂಬ ತಿನ್ನು, ಹೊಟ್ಟೆ ನೋಯ್ತಿದೆಯಾ, ಹೊಟ್ಟೇಲಿ ಹುಳ ಆಗಿದೆ ಅಂತ. ದೊಡ್ಡವರಿಗೆ ಆ ಒಂದೇ ಪದದಲ್ಲಿ ಎರಡು ಜಾಗ ಇವೆ. ಮಗುವಿಗೆ ಇರುವುದು ಒಂದೇ. ಅಲ್ಲಿ ಪಾಪು ಇದೆ ಅಂದರೆ ಅಮ್ಮ ಅದನ್ನು ನುಂಗಿರಬೇಕು, ಅಲ್ವಾ? ಕೆಲವು ಮಕ್ಕಳು ಅಮ್ಮ ತನ್ನನ್ನೂ ನುಂಗಿಬಿಟ್ಟರೆ ಅಂತ ಹೆದರುತ್ತಾರೆ. ಇನ್ನು ಕೆಲವರು ತಾವೇ ಊಟ ಬಿಡುತ್ತಾರೆ. ನಾಲ್ಕು ದಿನದ ಹಿಂದೆ ಹೇಳಿದ ಸುದ್ದಿಗೂ ಇವತ್ತು ಮಗು ಊಟ ಬಿಟ್ಟಿದ್ದಕ್ಕೂ ಸಂಬಂಧ ಇದೆ ಅಂತ ನಮಗೆ ಹೊಳೆಯುವುದೇ ಇಲ್ಲ.

ಆಮೇಲೆ ಕೂತು ಯೋಚಿಸಿದೆ. ಏನು ಹೇಳಬೇಕು, ಯಾವ ಪದದಲ್ಲಿ? "ಆಸ್ಪತ್ರೆಯಿಂದ ತರ್ತೀವಿ" ಅನ್ನುವುದು ನಮ್ಮ ಕಾಲದ ಉತ್ತರ. ನನ್ನ ತಮ್ಮ ಹುಟ್ಟಿದಾಗ ನನಗೂ ಹಾಗೇ ಹೇಳಿದ್ದರು. ಅವನು ಜಾಸ್ತಿ ಅಳುತ್ತಾನೆ, ವಾಪಸ್ ಕೊಟ್ಟು ಬನ್ನಿ ಅಂತ ನಾನು ಒಂದು ತಿಂಗಳು ಹಟ ಹಿಡಿದಿದ್ದೆನಂತೆ. ಅಂಗಡಿಯಿಂದ ತಂದದ್ದಾದರೆ ಬದಲಾಯಿಸಬಹುದಲ್ಲ!

"ಬೀಜ ಬಿತ್ತಿದ್ರು, ಮೊಳಕೆ ಬಂತು" ಅನ್ನುವುದು ಈಗಿನ ಉತ್ತರ. ಇದು ನಿಜಕ್ಕೆ ಹತ್ತಿರ, ಆದರೆ ಇದಕ್ಕೂ ಒಂದು ಅಪಾಯ ಇದೆ. ಅಮೆರಿಕದಲ್ಲಿ ಆನ್ ಬರ್ನ್‌ಸ್ಟೀನ್ ಮತ್ತು ಫಿಲಿಪ್ ಕೋವನ್ ಅನ್ನುವವರು 60 ಮಕ್ಕಳನ್ನು ಕೂರಿಸಿಕೊಂಡು ಪಾಪು ಹೇಗೆ ಬರುತ್ತದೆ ಅಂತ ಕೇಳಿ, 1975ರಲ್ಲಿ ಅದನ್ನು ಪ್ರಕಟಿಸಿದರು. ಮೂರು ನಾಲ್ಕು ವರ್ಷದ ಎಷ್ಟೋ ಮಕ್ಕಳಿಗೆ "ಹೇಗೆ" ಅನ್ನುವ ಪ್ರಶ್ನೆಯೇ ಇರಲಿಲ್ಲ. ಅವರಿಗಿದ್ದದ್ದು "ಎಲ್ಲಿ" ಅನ್ನುವುದು ಮಾತ್ರ. ಪಾಪು ಯಾವಾಗಲೂ ಇರುತ್ತದೆ, ಮೊದಲು ಬೇರೆ ಎಲ್ಲೋ ಇತ್ತು, ಈಗ ಅಮ್ಮನೊಳಗೆ ಬಂತು, ಅಷ್ಟೇ. ಅವರಲ್ಲಿ ಒಬ್ಬಳು ಹುಡುಗಿ, ಮೊದಲು ಬಾತುಕೋಳಿ ತರ್ತಾರೆ, ಅದು ಬೆಳೆದು ಪಾಪು ಆಗತ್ತೆ ಅಂದಳಂತೆ. ಪುಸ್ತಕದಲ್ಲಿ ನೋಡಿದ್ದೇನೆ ಅಂತ ಬೇರೆ! ದೊಡ್ಡವರು ಒಳ್ಳೆ ಮನಸ್ಸಿನಿಂದ ಪ್ರಾಣಿಗಳಿಂದ ಶುರು ಮಾಡಿ ಮನುಷ್ಯರ ತನಕ ತಂದಿದ್ದ ಪುಸ್ತಕ ಇರಬೇಕು. ಮಗು ಅದನ್ನು ಒಂದೇ ಕಥೆಯಾಗಿ ಓದಿಕೊಂಡಿತು.

ನಮ್ಮಲ್ಲೂ ಇದು ಆಗುತ್ತದೆ. ಬೀಜದ ಕಥೆ ಕೇಳಿದ ವಾರವೇ ಸಪೋಟ ಬೀಜ ನುಂಗಿ, ನನ್ನೊಳಗೂ ಪಾಪು ಬರತ್ತೆ ಅಂತ ಅತ್ತ ಹುಡುಗ ನನ್ನ ಶಿಶುವಿಹಾರದಲ್ಲಿದ್ದ. ಅದಕ್ಕೆ ನಾನು ಬೀಜ ಅನ್ನುವ ಪದ ಬಿಟ್ಟೆ. ಮೊಟ್ಟೆ ಅನ್ನುವುದನ್ನೂ ಬಿಟ್ಟೆ. ಅದು ಅಡುಗೆ ಮನೆಯಲ್ಲಿ ಒಡೆಯುವ ವಸ್ತು.

ಆದರೆ ಒಂದು ಪದ ಬಿಡಲು ಮನಸ್ಸಾಗಲಿಲ್ಲ. ಹೊಕ್ಕುಳ ಬಳ್ಳಿ. ನಮ್ಮ ಹಿರಿಯರು ಆ ನಾಳಕ್ಕೆ ಬಳ್ಳಿ ಅಂತ ಹೆಸರಿಟ್ಟು ಅರ್ಧ ಕಥೆ ಹೇಳಿಯೇ ಹೋಗಿದ್ದಾರೆ. ಹಿತ್ತಲಿನ ತಿಪ್ಪೆ ಪಕ್ಕ ಸಿಹಿಗುಂಬಳದ ಬಳ್ಳಿ ಹಬ್ಬಿತ್ತು. ಮಳೆಗಾಲ ಅಲ್ವಾ, ಕೈ ಹಿಡಿಯಲಾರದಷ್ಟು ಕಾಯಿ. ಬೀಜದಿಂದ ಶುರು ಮಾಡುವ ಬದಲು ಕಾಯಿ ಮತ್ತು ತೊಟ್ಟಿನಿಂದ ಶುರು ಮಾಡಿದರೆ ಹೇಗೆ ಅನ್ನಿಸಿತು. ಕಾಯಿ ಬಾಯಿಂದ ತಿನ್ನುವುದಿಲ್ಲ. ತೊಟ್ಟಿನಿಂದ ಕುಡಿಯುತ್ತದೆ. ಪುಟ್ಟನ ಬಿಸಿ ಸಾರಿನ ಚಿಂತೆಗೆ ಉತ್ತರ ಅಲ್ಲೇ ಇತ್ತು.

ಅವತ್ತು ಸಂಜೆ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಕಾಯಿ ತೋರಿಸಿದೆ. ತೊಟ್ಟು ಮುಟ್ಟಿಸಿದೆ. ಕಥೆ ಏನೂ ಹೇಳಲಿಲ್ಲ. ಹಗಲು ಮುಟ್ಟಿದ್ದು ರಾತ್ರಿ ಕಥೆಗೆ ಬಂದರೆ ಮಕ್ಕಳು ಬೇಗ ಹಿಡಿಯುತ್ತಾರೆ. ರಾತ್ರಿ ದೀಪ ಆರಿಸಿ, ಅವನಮ್ಮ ಒಂದು ಕಡೆ, ನಾನು ಒಂದು ಕಡೆ ಮಲಗಿ, ಹೀಗೆ ಹೇಳಿದೆ:

"ಪುಟ್ಟಾ, ಅಮ್ಮನೊಳಗೆ ಹೊಟ್ಟೆ ಇದೆ. ಅನ್ನ, ಸಾರು, ಮಜ್ಜಿಗೆ ಎಲ್ಲ ಅಲ್ಲಿಗೆ ಹೋಗತ್ತೆ. ಅದರ ಕೆಳಗೆ ಇನ್ನೊಂದು ಪುಟ್ಟ ಚೀಲ ಇದೆ. ಅದಕ್ಕೆ ಗರ್ಭಕೋಶ ಅಂತ ಹೆಸರು. ಅಲ್ಲಿಗೆ ಅನ್ನ ಹೋಗೋದೇ ಇಲ್ಲ. ಅದು ಪಾಪುಗೆ ಅಂತಲೇ ಇರೋ ಚೀಲ. ಮೊದಲು ಅದು ಅಮ್ಮನ ಮುಷ್ಟಿಯಷ್ಟೇ ಇತ್ತು. ಪಾಪು ಬೆಳೆದ ಹಾಗೆ ಚೀಲನೂ ಬೆಳೆಯತ್ತೆ.

"ಮೊದಲು ಅಲ್ಲಿ ಒಂದು ಚುಕ್ಕಿ ಇತ್ತು. ಅಮ್ಮಂದು ಒಂದು ಚುಕ್ಕಿ, ಅಪ್ಪಂದು ಒಂದು ಚುಕ್ಕಿ, ಎರಡೂ ಸೇರಿ ಒಂದೇ ಚುಕ್ಕಿ ಆಯ್ತು. ರಂಗೋಲಿ ಚುಕ್ಕಿಗಿಂತ ಸಣ್ಣದು, ಕಣ್ಣಿಗೆ ಕಾಣದಷ್ಟು. ಆ ಚುಕ್ಕಿ ಬೆಳೀತು. ನಿನ್ನ ಕಿರುಬೆರಳಿನ ಉಗುರಿನಷ್ಟಾಯ್ತು. ಆಗಲೇ ಅದರ ಎದೆ ಲಬ್ ಡಬ್ ಅಂತಿತ್ತು. ಆಮೇಲೆ ನಿನ್ನ ಹೆಬ್ಬೆರಳಿನಷ್ಟಾಯ್ತು. ಆಮೇಲೆ ನಿನ್ನ ಅಂಗೈಯಷ್ಟಾಯ್ತು. ಈಗ, ಕೈ ಮಡಚು ನೋಡೋಣ, ನಿನ್ನ ಮೊಣಕೈಯಿಂದ ಬೆರಳ ತುದಿ ತನಕ ಇದೆ. ಅಷ್ಟುದ್ದ!

"ಚೀಲದೊಳಗೆ ಉಗುರುಬೆಚ್ಚಗಿನ ನೀರಿದೆ. ಪಾಪು ಅದರಲ್ಲಿ ತೇಲ್ತಾ ಇದೆ. ಬಿದ್ರೂ ಪೆಟ್ಟಾಗಲ್ಲ. ಕುಂಬಳಕಾಯಿಗೆ ಬಾಯಿ ಇದೆಯಾ? ಇಲ್ಲ. ಹೇಗೆ ಊಟ ಮಾಡತ್ತೆ? ತೊಟ್ಟಿನಿಂದ. ಪಾಪುಗೂ ಒಂದು ಬಳ್ಳಿ ಇದೆ. ಅಮ್ಮ ಊಟ ಮಾಡ್ತಾಳೆ, ಊಟ ಹೊಟ್ಟೇಲಿ ಕರಗಿ ರಕ್ತಕ್ಕೆ ಸೇರಿ ಮೈಯೆಲ್ಲ ಓಡಾಡತ್ತೆ. ಅದರ ಸಾರ ಬಳ್ಳಿ ಹಿಡ್ಕೊಂಡು ಪಾಪುಗೆ ಹೋಗತ್ತೆ. ಬಿಸಿ ಇರಲ್ಲ, ಖಾರ ಇರಲ್ಲ. ಆ ಬಳ್ಳಿ ಪಾಪುಗೆ ಎಲ್ಲಿ ಅಂಟಿಕೊಂಡಿರತ್ತೆ ಗೊತ್ತಾ? ನಿನ್ನ ಅಂಗಿ ಎತ್ತು. ಇಲ್ಲಿ! ಇದು ನಿನ್ನ ಬಳ್ಳಿ ಇದ್ದ ಗುರುತು. ನೀನೂ ಅದೇ ಚೀಲದಲ್ಲಿದ್ದೆ. ನೀನೂ ಚುಕ್ಕಿ ಆಗಿದ್ದೆ."

ಅವನು ಅಂಗಿ ಎತ್ತಿ ಕತ್ತಲಲ್ಲೇ ಹೊಕ್ಕುಳ ಮುಟ್ಟಿ ನೋಡಿಕೊಂಡ. ಆಮೇಲೆ ಅಮ್ಮನ ಹೊಕ್ಕುಳ. ಆಮೇಲೆ ನನ್ನದು. "ಅಜ್ಜೀ, ನಿಂಗೂ ಬಳ್ಳಿ ಇತ್ತಾ?" ಇತ್ತು ಕಣೋ, ನನ್ನಮ್ಮನ ಹತ್ರ. "ಅಪ್ಪಂಗೂ?" ಅಪ್ಪಂಗೂ. ಅವತ್ತು ರಾತ್ರಿ ಪಕ್ಕದ ಮನೆ ನಾಯಿ ತನಕ ವಿಚಾರಣೆ ನಡೆಯಿತು.

ನಾನು ಅಳತೆಗೆ ಹಣ್ಣು ಕಾಯಿ ಬಳಸದೆ ಅವನ ಕೈಬೆರಳೇ ಬಳಸಿದ್ದು ಯಾಕೆ ಅಂತ ಕೇಳಬಹುದು. ಬಸುರಿಯರ ಆ್ಯಪ್‌ಗಳಲ್ಲಿ ಈ ವಾರ ನಿಂಬೆಹಣ್ಣು, ಮುಂದಿನ ವಾರ ಮಾವಿನಹಣ್ಣು ಅಂತ ಬರುತ್ತದೆ. ದೊಡ್ಡವರಿಗೆ ಅದು ಚಂದ. ಮೂರು ವರ್ಷದ ಮಗುವಿಗೆ ನಿಂಬೆಹಣ್ಣು ಅಂದರೆ ಈಳಿಗೆಮಣೆ ಮೇಲೆ ಕತ್ತರಿಸುವ ವಸ್ತು. ಅದೂ ಅಲ್ಲದೆ ಒಂದು ಮುಖ್ಯ ಹಂತದಲ್ಲಿ ಮೈಯ ಅಳತೆ ಚೆನ್ನಾಗಿ ಹೊಂದುತ್ತದೆ. ಐದನೇ ತಿಂಗಳಲ್ಲಿ ತಲೆಯಿಂದ ಹಿಮ್ಮಡಿ ತನಕ ಪಾಪು ಸುಮಾರು 25 ಸೆಂಟಿಮೀಟರ್. ಮೂರೂವರೆ ವರ್ಷದ ಮಗುವಿನ ಮೊಣಕೈಯಿಂದ ಬೆರಳ ತುದಿಗೂ ಹೆಚ್ಚುಕಡಿಮೆ ಅಷ್ಟೇ. ಹುಟ್ಟುವಾಗ ಪಾಪು ಸುಮಾರು 50 ಸೆಂಟಿಮೀಟರ್. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದು ಅಣ್ಣನ ಹೊಕ್ಕುಳದ ಸ್ವಲ್ಪ ಕೆಳಗೆ ಬರುತ್ತದೆ. ಬಾಗಿಲ ಪಕ್ಕ ಅವನ ಹೊಕ್ಕುಳದ ಕೆಳಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆವು. "ಪಾಪು ಬಂದಾಗ ಇಷ್ಟಿರತ್ತೆ." ತನಗಿಂತ ಚಿಕ್ಕದು ಅಂತ ಕಣ್ಣಾರೆ ಕಂಡಾಗ ಅವನ ಮುಖ ಸ್ವಲ್ಪ ಸಡಿಲಾಯಿತು.

ಈಗ ದಿನದ ಲೆಕ್ಕ. ಇನ್ನು ನಾಲ್ಕು ತಿಂಗಳು ಅಂದರೆ ಆ ವಯಸ್ಸಿಗೆ ಏನೂ ಅರ್ಥವಿಲ್ಲ. ಅವನಿಗೆ ನಾಳೆಯೂ ಒಂದೇ, ಮುಂದಿನ ವರ್ಷವೂ ಒಂದೇ. ಮೊದಲ ವಾರ ಬೆಳಿಗ್ಗೆ ಎದ್ದ ಕೂಡಲೇ "ಪಾಪು ಬಂತಾ?" ಅಂತ ಕೇಳುತ್ತಿದ್ದ. ಅದಕ್ಕೆ ಹಬ್ಬಗಳನ್ನು ಹಿಡಿದೆ. "ಈಗ ಗಣಪತಿ. ಇದಾದ ಮೇಲೆ ದಸರಾ ಬೊಂಬೆ. ಆಮೇಲೆ ದೀಪಾವಳಿ ಪಟಾಕಿ. ಆಮೇಲೆ ತುಂಬಾ ಚಳಿ ಆಗತ್ತೆ, ಸ್ವೆಟರ್ ಹಾಕೋತೀವಿ. ಎಳ್ಳು ಬೆಲ್ಲ ತಿನ್ನೋ ಹೊತ್ತಿಗೆ ಪಾಪು ಬರತ್ತೆ." ಸಂಕ್ರಾಂತಿ ದಿನವೇ ಬರುತ್ತದೆ ಅಂತ ಮಾತ್ರ ಹೇಳಬೇಡಿ. ಡಾಕ್ಟರು ಕೊಟ್ಟ ತಾರೀಖಿಗೆ ಎರಡು ವಾರ ಹಿಂದೆ ಮುಂದೆ ಆಗುವುದು ಮಾಮೂಲು. ಮಗುವಿಗೆ ಒಂದು ದಿನ ಹೇಳಿ ಆ ದಿನ ಪಾಪು ಬರದಿದ್ದರೆ ಕಥೆ ಹೇಳಿದವರ ಮೇಲಿನ ನಂಬಿಕೆಯೇ ಹೋಗುತ್ತದೆ.

ಇನ್ನೊಂದು, ತಮ್ಮ ಬರ್ತಾನೆ ಅಂತಲೋ ತಂಗಿ ಬರ್ತಾಳೆ ಅಂತಲೋ ಕಥೆಯಲ್ಲಿ ಸೇರಿಸಬೇಡಿ. ನಮ್ಮ ದೇಶದಲ್ಲಿ 1994ರ ಕಾಯ್ದೆ ಪ್ರಕಾರ ಹುಟ್ಟುವ ಮೊದಲೇ ಗಂಡೋ ಹೆಣ್ಣೋ ಪತ್ತೆ ಮಾಡುವುದೂ ಹೇಳುವುದೂ ಅಪರಾಧ. ಹಾಗಾಗಿ ನಮಗೆ ಗೊತ್ತಿರುವುದಿಲ್ಲ, ಗೊತ್ತಿರಬಾರದು. ಅಮೆರಿಕದಲ್ಲಿರುವ ನನ್ನ ತಂಗಿ ಮಗಳಿಗೆ ಐದನೇ ತಿಂಗಳಲ್ಲೇ ಗೊತ್ತಾಗಿತ್ತು, ಅಲ್ಲಿನ ಮಾತು ಬೇರೆ. ಇಲ್ಲಿ ಏನಾಗುತ್ತದೆ ಅಂದರೆ, ಬಂದ ನೆಂಟರೆಲ್ಲ ಮಗುವಿನ ಕೆನ್ನೆ ಹಿಂಡಿ "ತಮ್ಮ ಬೇಕಾ, ತಂಗಿ ಬೇಕಾ?" ಅಂತ ಕೇಳುತ್ತಾರೆ. ಅದು ತಮ್ಮ ಅನ್ನುತ್ತದೆ. ತಂಗಿ ಬಂದರೆ? ತಾನು ಕೇಳಿದ್ದು ಸಿಗಲಿಲ್ಲ ಅಂತ ಕೋಪ. ಪುಟ್ಟನಿಗೆ ನಾನು ಹೇಳಿಕೊಟ್ಟ ಉತ್ತರ: "ಪಾಪು ಬೇಕು."

ನಿನ್ನ ಜೊತೆ ಆಟ ಆಡತ್ತೆ ಅನ್ನುವ ಮಾತೂ ಬೇಡ. ಹುಟ್ಟಿದ ಪಾಪು ದಿನದ ಹೆಚ್ಚಿನ ಹೊತ್ತು ನಿದ್ದೆ ಮಾಡುತ್ತದೆ, ಉಳಿದ ಹೊತ್ತು ಹಾಲು ಕುಡಿಯುತ್ತದೆ, ಅಳುತ್ತದೆ. ಚೆಂಡು ಹಿಡಿದು ಕಾಯುತ್ತಾ ನಿಂತ ಅಣ್ಣನಿಗೆ ಅದಕ್ಕಿಂತ ದೊಡ್ಡ ಮೋಸ ಇಲ್ಲ.

ಹೇಗೆ ಹೊರಗೆ ಬರತ್ತೆ? ಈ ಪ್ರಶ್ನೆಗೆ ಎಲ್ಲರೂ ಹೆದರುತ್ತಾರೆ. ಪುಟ್ಟ ಇದನ್ನು ಕೇಳಿದ್ದು ದೀಪಾವಳಿ ಹೊತ್ತಿಗೆ. ನಾನು ಹೇಳಿದ್ದು ಇಷ್ಟೇ: "ಅಮ್ಮನ ಕಾಲುಗಳ ಮಧ್ಯೆ ಪಾಪು ಬರೋಕೆ ಅಂತ ಒಂದು ದಾರಿ ಇದೆ. ಉಚ್ಚೆ ಮಾಡೋ ದಾರಿ ಬೇರೆ, ಕಕ್ಕ ಮಾಡೋ ದಾರಿ ಬೇರೆ, ಇದು ಬೇರೆ. ಕೆಲವು ಸಲ ಡಾಕ್ಟರು ನೋವಾಗದ ಹಾಗೆ ಔಷಧಿ ಕೊಟ್ಟು ಹೊಟ್ಟೆ ಹತ್ರ ಒಂದು ಬಾಗಿಲು ಮಾಡಿ ತೆಗೀತಾರೆ, ಆಮೇಲೆ ಹೊಲಿದುಬಿಡ್ತಾರೆ." ಅವನು ಹೂಂ ಅಂದ. ಮುಂದಿನ ಪ್ರಶ್ನೆ ಪಟಾಕಿ ಬಗ್ಗೆ. ನಾವು ಬೆವರಿದ್ದು ನಮ್ಮ ಸಂಕೋಚಕ್ಕೆ, ಅವನಿಗೆ ಅದು ಬರೀ ದಾರಿಯ ಸಮಾಚಾರ. ಎರಡನೇ ಬಾಗಿಲನ್ನು ಮೊದಲೇ ಹೇಳಿಟ್ಟಿದ್ದು ಒಳ್ಳೇದಾಯ್ತು, ಮಗಳಿಗೆ ಕೊನೆಗೆ ಸಿಸೇರಿಯನ್ನೇ ಆಯಿತು.

ಕಥೆಯನ್ನು ಯಾರು ಹೇಳಬೇಕು? ಮೊದಮೊದಲು ನಾನು ಹೇಳಿದೆ. ಆರನೇ ತಿಂಗಳು ಕಳೆದ ಮೇಲೆ ಮಗಳಿಗೇ ಬಿಟ್ಟುಕೊಟ್ಟೆ. ಅದಕ್ಕೊಂದು ಕಾರಣ ಇದೆ. ಅಷ್ಟು ಹೊತ್ತಿಗೆ ಒಳಗಿರುವ ಪಾಪುವಿಗೆ ಕಿವಿ ಕೇಳಿಸಲು ಶುರುವಾಗಿರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದು ಅಮ್ಮನ ದನಿ, ಅದು ಅವಳ ಮೈಯೊಳಗಿಂದಲೇ ಬರುವುದರಿಂದ. 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಕೊನೆಯ ಆರು ವಾರ ಬಸುರಿಯರು ಒಂದೇ ಕಥೆಯನ್ನು ದಿನಕ್ಕೆ ಎರಡು ಸಲ ಗಟ್ಟಿಯಾಗಿ ಓದಿದರು. ಹುಟ್ಟಿದ ಎರಡು ಮೂರು ದಿನಕ್ಕೆ ಕೂಸುಗಳ ಬಾಯಿಗೆ ರಬ್ಬರ್ ನಿಪ್ಪಲ್ ಕೊಟ್ಟು, ಚೀಪುವ ರೀತಿ ಬದಲಾಯಿಸಿದರೆ ಬೇರೆ ಕಥೆ ಕೇಳಿಸುವ ಹಾಗೆ ಮಾಡಿದರು. ಕೂಸುಗಳು ಹಳೇ ಕಥೆಯೇ ಕೇಳಿಸುವ ಹಾಗೆ ಚೀಪಿದವು. ಓದುತ್ತಿದ್ದದ್ದು ಬೇರೆ ಹೆಂಗಸಾದರೂ ಹಾಗೇ. ಅರ್ಥ ಗೊತ್ತಾಗಿ ಅಲ್ಲ, ಆ ಲಯ ಗುರುತು ಸಿಕ್ಕಿ.

ಪುಟ್ಟನಿಗೆ ಇದನ್ನು ಹೀಗೆ ಹೇಳಿದ್ದೆವು: "ಈಗ ಕಥೆ ಕೇಳೋರು ಇಬ್ಬರು." ಅವತ್ತಿಂದ ಅಮ್ಮ ಕಥೆ ಶುರು ಮಾಡುವ ಮೊದಲು ಅವಳ ಹೊಟ್ಟೆ ಮೇಲೆ ಬಾಯಿಟ್ಟು "ಏಯ್ ಚುಕ್ಕೀ, ಕಥೆ!" ಅಂತ ಕೂಗುವುದು ಅವನ ಕೆಲಸವಾಯಿತು. ಒಂದು ರಾತ್ರಿ ಕೂಗಿದ ಕೂಡಲೇ ಒಳಗಿಂದ ಒಂದು ಒದೆ ಅವನ ಕೆನ್ನೆಗೇ ತಾಗಿತು. ಎದ್ದು ಕೂತು ಅರ್ಧ ಗಂಟೆ ಮಲಗಲೇ ಇಲ್ಲ.

ಮಾತಿನ ನಡುವೆ ಇಲ್ಲಿ ಕೂತಿದ್ದ ಒಬ್ಬರು ಒಂದು ಪ್ರಶ್ನೆ ಕೇಳಿದರು. ಎರಡನೇ ತಿಂಗಳಲ್ಲೇ ಮಗಳಿಗೆ ಹೇಳಿಬಿಟ್ಟಿದ್ದೆ, ಆಮೇಲೆ ಹೋಗಿಬಿಡ್ತು, ಏನು ಹೇಳಬೇಕಿತ್ತು ಅಂತ. ಬಸಿರು ನಿಲ್ಲದೆ ಹೋಗುವುದು ಜಾಸ್ತಿ ಆಗುವುದು ಮೊದಲ ಮೂರು ತಿಂಗಳಲ್ಲೇ. ಪುಟ್ಟ ಮಕ್ಕಳಿಗೆ ಅದು ಕಳೆದ ಮೇಲೆ ಹೇಳಿ ಅನ್ನುವುದಕ್ಕೆ ಇದೇ ಕಾರಣ. ಆದರೆ ಅಮ್ಮ ದಿನವೂ ವಾಂತಿ ಮಾಡುತ್ತಿದ್ದರೆ ಮಗುವಿಗೆ ಏನೋ ಗೊತ್ತಾಗುತ್ತದೆ. ಮುಚ್ಚಿಡಲು ಆಗುವುದಿಲ್ಲ. ಆಗ ಹೇಳಿದ್ದು ತಪ್ಪಲ್ಲ. ಹೋದ ಮೇಲೆ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: "ಚುಕ್ಕಿ ಬೆಳೆಯೋದು ನಿಂತುಹೋಯ್ತು. ಅದು ಪಾಪು ಆಗಲಿಲ್ಲ. ಅಮ್ಮಂಗೆ ಬೇಜಾರಾಗಿದೆ, ಅದಕ್ಕೆ ಅಳ್ತಾ ಇದ್ದಾಳೆ. ನೀನು ಏನೋ ಮಾಡಿದ್ದರಿಂದ ಆದದ್ದಲ್ಲ." ಈ ಕೊನೆಯ ಮಾತು ಬಿಡಬೇಡಿ. ಅಮ್ಮನ ಮೇಲೆ ಹಾರಿ ಕೂತಿದ್ದು, ಪಾಪು ಬೇಡ ಅಂದಿದ್ದು, ಎಲ್ಲ ಮಗುವಿನ ತಲೆಯಲ್ಲಿ ಓಡುತ್ತಿರುತ್ತದೆ. ಪಾಪು ಮಲಗಿಬಿಡ್ತು ಅಂತ ಮಾತ್ರ ಯಾವತ್ತೂ ಹೇಳಬೇಡಿ. ಅದೇ ರಾತ್ರಿ ನೀವು ಅವಳನ್ನು ಮಲಗಿಸಬೇಕಲ್ಲ.

ಏಳನೇ ತಿಂಗಳಲ್ಲಿ ಸೀಮಂತ ಆಯಿತು. ಹಸಿರು ಬಳೆ ನೋಡಿ ತನಗೂ ಬೇಕು ಅಂದ, ಎರಡು ತೊಡಿಸಿದೆವು. ಆಮೇಲೆ ಬಾಣಂತನಕ್ಕೆ ಅಂತ ಮಗಳು ನಮ್ಮಲ್ಲೇ ಉಳಿದಳು, ಅವನೂ ಜೊತೆಗೆ. ಕಥೆಗೆ ಒಂದು ಹೊಸ ತುಂಡು ಸೇರಿಸಿದೆ, ಅಮ್ಮ ಆಸ್ಪತ್ರೆಗೆ ಹೋಗುವ ರಾತ್ರಿಯದು. "ಒಂದು ರಾತ್ರಿ ನೀನು ಎದ್ದಾಗ ಅಮ್ಮ ಪಕ್ಕದಲ್ಲಿ ಇರಲ್ಲ. ಅಜ್ಜಿ ಇರ್ತೀನಿ. ಅಮ್ಮ ನಾಲ್ಕೈದು ರಾತ್ರಿ ಆಸ್ಪತ್ರೇಲಿ ಮಲಗ್ತಾಳೆ. ಬೆಳಿಗ್ಗೆ ನಾವು ನೋಡೋಕೆ ಹೋಗ್ತೀವಿ. ಮನೆಗೆ ಬಂದ ಮೇಲೆ ಸ್ವಲ್ಪ ದಿನ ನಿನ್ನ ಎತ್ಕೊಳ್ಳಲ್ಲ, ಪಕ್ಕದಲ್ಲಿ ಕೂರಿಸ್ಕೋತಾಳೆ." ಇದನ್ನು ಹತ್ತು ಸಲವಾದರೂ ಹೇಳಿರಬೇಕು. ಆದರೂ ಆ ರಾತ್ರಿ ಅವನು ಅತ್ತ. ಕಥೆ ಹೇಳಿದರೆ ಅಳುವುದಿಲ್ಲ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ. ಅಳುತ್ತಾ ಅಳುತ್ತಾ "ನಾಲ್ಕು ರಾತ್ರಿ" ಅಂತ ಬೆರಳು ಮಡಚುತ್ತಿದ್ದ, ಅಷ್ಟೇ ವ್ಯತ್ಯಾಸ.

ಸಂಕ್ರಾಂತಿಗೆ ಐದು ದಿನ ಮೊದಲೇ ಪಾಪು ಬಂತು. ಹೆಣ್ಣು. ಮನೆಗೆ ತಂದಾಗ ಅವನು ಮುಖ ನೋಡುವ ಮೊದಲು ಬಟ್ಟೆ ಸರಿಸಿ ಹೊಕ್ಕುಳ ನೋಡಿದ. ಕ್ಲಿಪ್ ಹಾಕಿದ ಬಳ್ಳಿಯ ತುಂಡು ಕಪ್ಪಗೆ ಒಣಗುತ್ತಿತ್ತು. "ಕತ್ತರಿಸಿದಾಗ ಅತ್ತಿತಾ?" ಬಳ್ಳಿಗೆ ನೋವಾಗಲ್ಲ ಕಣೋ, ಕೂದಲು ಉಗುರು ಕತ್ತರಿಸಿದ ಹಾಗೆ ಅಂದೆ. ಮುಟ್ಟಬೇಡ, ಒದ್ದೆ ಮಾಡಬೇಡ, ತಾನಾಗೇ ಬೀಳತ್ತೆ ಅಂತ ಕಾವಲು ಕೂರಿಸಿದೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬೀಳುತ್ತದೆ. ಸುತ್ತ ಕೆಂಪಾದರೆ, ಕೀವು ವಾಸನೆ ಬಂದರೆ ಡಾಕ್ಟರ ಹತ್ತಿರ ಓಡಬೇಕು. ನಮ್ಮದು ಒಂಬತ್ತನೇ ದಿನಕ್ಕೆ ಸುಲಭವಾಗಿ ಬಿತ್ತು.

ಅವತ್ತು ಮಧ್ಯಾಹ್ನ ಪುಟ್ಟ ಕಾಣಿಸಲಿಲ್ಲ. ಹುಡುಕಿದರೆ ಉಗ್ರಾಣದಲ್ಲಿದ್ದ. ಹಬ್ಬದ ಹೊತ್ತಿಗೆ ಕಿತ್ತು ಗೋಣಿಚೀಲದ ಮೇಲೆ ಇಟ್ಟಿದ್ದ ಕುಂಬಳಕಾಯಿ ಮುಂದೆ ಕುಕ್ಕರಗಾಲಲ್ಲಿ ಕೂತು ತೊಟ್ಟು ಅಲ್ಲಾಡಿಸಿ ನೋಡುತ್ತಿದ್ದ. ನನ್ನನ್ನು ಕಂಡು ಹೇಳಿದ, "ಅಜ್ಜೀ, ಇದಕ್ಕಿನ್ನೂ ಬಿದ್ದಿಲ್ಲ."